ಗುಣಕ್ಕೆ ವಾರಗಟ್ಟಲೆ, ಅಪಾಯಕ್ಕೆ ಕೆಲವೇ ಗಂಟೆ: ಖಿನ್ನತೆಯ ಮಾತ್ರೆಗಳಲ್ಲಿ ಹೀಗೇಕೆ?

ಕವಲುದಾರಿ

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ತಮ್ಮನಿಗೆ ಮನೋವೈದ್ಯರು ಎಸಿಟಾಲೊಪ್ರಾಮ್ ಆರಂಭಿಸಿದ್ದಾರೆ; ಮೊದಲ ವಾರ 5 ಮಿ.ಗ್ರಾಂ, ನಂತರ 10. ಅವರು ಎರಡು ಮಾತು ಹೇಳಿ ಕಳುಹಿಸಿದರು. ಮನಸ್ಸು ಹಗುರಾಗಲು ಮೂರು ನಾಲ್ಕು ವಾರ ಬೇಕಾಗಬಹುದು, ಅಲ್ಲಿಯವರೆಗೆ ಬಿಡದೆ ನುಂಗಬೇಕು ಎಂಬುದು ಮೊದಲನೆಯದು. ತಮ್ಮನ್ನು ಕೇಳದೆ ಬೇರೆ ನೋವಿನ ಮಾತ್ರೆಯನ್ನಾಗಲಿ ಕೆಮ್ಮಿನ ಸಿರಪ್ಪನ್ನಾಗಲಿ ತೆಗೆದುಕೊಳ್ಳಬಾರದು, ಅದರಿಂದ ಒಂದೇ ದಿನದಲ್ಲಿ ತೊಂದರೆಯಾಗಬಹುದು ಎಂಬುದು ಎರಡನೆಯದು.

ಈ ಎರಡೂ ಮಾತುಗಳನ್ನು ಒಟ್ಟಿಗೆ ಹೊಂದಿಸಿಕೊಳ್ಳಲು ನನಗೆ ಆಗುತ್ತಿಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ನನ್ನು ಮಾತ್ರೆ ಮೊದಲ ದಿನವೇ ಹೆಚ್ಚಿಸುತ್ತದೆ ಎಂದಾದರೆ ಗುಣ ಏಕೆ ತಡವಾಗುತ್ತದೆ? ನಿಧಾನವಾಗಿ ಹೆಚ್ಚಿಸುತ್ತದೆ ಎಂದಾದರೆ ಅಪಾಯ ಏಕೆ ತಡವಾಗುವುದಿಲ್ಲ? ತಮ್ಮನಿಗೆ ಮೊದಲ ದಿನ ಸಂಜೆಯೇ ವಾಕರಿಕೆ ಬಂದಿತ್ತು, ಆದರೆ ಹತ್ತನೇ ದಿನವಾದರೂ ಮಂಕು ಹಾಗೆಯೇ ಇದೆ. ಬೇರೆ ಬೇರೆ ವರ್ಗದ ಮಾತ್ರೆಗಳಲ್ಲಿ ಈ ಲೆಕ್ಕ ಬೇರೆಯಾಗುತ್ತದೆಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಪೇಟೆಬೀದಿ ಮೆಡಿಕಲ್ಸ್

ಮೇಡಂ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಔಷಧ ಅಂಗಡಿ ನಡೆಸುತ್ತಿರುವ ಅನುಭವದಿಂದ ಹೇಳುತ್ತೇನೆ. ಖಿನ್ನತೆ ಎಂದರೆ ಮೆದುಳಿನಲ್ಲಿ ಸಿರೊಟೋನಿನ್ ಬತ್ತಿಹೋಗಿರುವುದು. ಬತ್ತಿದ್ದು ತುಂಬಲು ಕಾಲ ಬೇಕು, ಮಾತ್ರೆಯೂ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು, ತಡವಾಗುವುದು ಅದಕ್ಕಾಗಿಯೇ. ಅಪಾಯದ ವಿಷಯಕ್ಕೆ ಬಂದರೆ, ಖಿನ್ನತೆಯ ಎರಡು ಮಾತ್ರೆಗಳನ್ನು ಒಂದೇ ಚೀಟಿಯಲ್ಲಿ ಬರೆದಿದ್ದರೆ ನಾನು ಡಾಕ್ಟರಿಗೆ ಫೋನ್ ಮಾಡದೆ ಕೊಡುವುದೇ ಇಲ್ಲ. ಬಿಲ್ ಮಾಡುವ ತಂತ್ರಾಂಶದಲ್ಲಿ ಅಂಥ ಜೋಡಿಗಳಿಗೆಲ್ಲ ಕೆಂಪು ಸೂಚನೆ ಬರುತ್ತದೆ. ಯಾವ ವರ್ಗವಾದರೂ ಅಪಾಯ ಒಂದೇ.

ಮನೋವೈದ್ಯ, ಮಲೆನಾಡು

ಪೇಟೆಬೀದಿಯವರು ಫೋನ್ ಮಾಡುವ ಅಭ್ಯಾಸವನ್ನು ಬಿಡಬಾರದು. ಅಂಥ ಫೋನುಗಳಿಂದ ನನಗೂ ಉಪಕಾರವಾಗಿದೆ. ಆದರೆ ಅವರು ಕೊಟ್ಟ ಎರಡು ಕಾರಣಗಳೂ ನಿಲ್ಲುವುದಿಲ್ಲ. ಎಸಿಟಾಲೊಪ್ರಾಮಿನ ಅರ್ಧಾಯು, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುವ ಕಾಲ, ಸುಮಾರು ಮೂವತ್ತು ಗಂಟೆ, ಆದ್ದರಿಂದ ಅದು ಒಂದು ವಾರದೊಳಗೆ ರಕ್ತದಲ್ಲಿ ಸ್ಥಿರ ಮಟ್ಟಕ್ಕೆ ಬಂದುಬಿಡುತ್ತದೆ. ಫ್ಲೂಆಕ್ಸೆಟಿನ್ ಅಂಥ ಮಟ್ಟಕ್ಕೆ ಬರಲು ಒಂದು ತಿಂಗಳಿಗೂ ಮಿಕ್ಕಿ ಹಿಡಿಯಬಹುದು, ಆದರೂ ಅದರ ಗುಣ ಉಳಿದವುಗಳಿಗಿಂತ ಒಂದು ತಿಂಗಳು ತಡವಾಗಿ ಬರುವುದಿಲ್ಲ. ರಕ್ತದ ಮಟ್ಟವೇ ಕಾರಣವಾಗಿದ್ದರೆ ಹಾಗಾಗುತ್ತಿರಲಿಲ್ಲ. ಇನ್ನು ಸಿರೊಟೋನಿನ್ ಬತ್ತಿಹೋಗುತ್ತದೆ ಎಂಬ ಮಾತಿಗೆ ಸ್ಥಿರವಾದ ಪುರಾವೆ ಇಲ್ಲವೆಂದು 2022ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಹೇಳಿತು. ಮಾತ್ರೆಗಳು ಕೆಲಸ ಮಾಡುವುದಿಲ್ಲ ಎಂದು ಅದರಿಂದ ಅರ್ಥ ಮಾಡಿಕೊಂಡವರೂ ಇದ್ದಾರೆ; ಅದು ಬೇರೆಯೇ ಪ್ರಶ್ನೆ.

ಕವಲುದಾರಿ ಮೇಡಂ, ಮರುಹೀರಿಕೆಯನ್ನು ತಡೆಯುವ ಕೆಲಸ ಮೊದಲ ಮಾತ್ರೆಯಿಂದಲೇ, ಗಂಟೆಗಳಲ್ಲಿ, ಶುರುವಾಗುತ್ತದೆ. ನರಕೋಶ ಹೊರಬಿಟ್ಟ ಸಿರೊಟೋನಿನ್ನನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನಿನಲ್ಲಿ ಸುಮಾರು ಶೇಕಡಾ 80ರಷ್ಟನ್ನು ಎಸಿಟಾಲೊಪ್ರಾಮಿನಂಥ ಎಸ್‌ಎಸ್‌ಆರ್‌ಐ ಮಾತ್ರೆಗಳು ಸಾಮಾನ್ಯ ಪ್ರಮಾಣದಲ್ಲೇ ಹಿಡಿದಿಡುತ್ತವೆ. ಆದರೆ ಸಿರೊಟೋನಿನ್ ತಯಾರಿಸುವ ಕೋಶಗಳ ದೇಹಗಳಿರುವುದು ಮೆದುಳಿನ ಕಾಂಡದಲ್ಲಿ, ರಾಫೆ ಎಂಬ ಭಾಗದಲ್ಲಿ. ಆ ಕೋಶಗಳ ಮೈಮೇಲೆಯೇ 5-ಎಚ್‌ಟಿ1ಎ ಎಂಬ ಗ್ರಾಹಿಗಳಿದ್ದು, ಅವು ಸುತ್ತಲಿನ ಸಿರೊಟೋನಿನ್ ಹೆಚ್ಚಿದ್ದನ್ನು ಗಮನಿಸಿದ ಕೂಡಲೇ ಕೋಶದ ಮಿಡಿತವನ್ನು ಇಳಿಸುತ್ತವೆ. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರು ಏರಿದಾಗ ಫ್ಲೋಟ್ ವಾಲ್ವ್ ಕೊಳಾಯಿಯನ್ನು ಮುಚ್ಚುವ ರೀತಿಯದು ಇದು. ಹೀಗಾಗಿ ಮೊದಲ ದಿನಗಳಲ್ಲಿ ಒಂದು ಕಡೆ ಮರುಹೀರಿಕೆ ನಿಂತಿರುತ್ತದೆ, ಇನ್ನೊಂದು ಕಡೆ ಬಿಡುಗಡೆಯೂ ಕುಗ್ಗಿರುತ್ತದೆ. ಭಾವನೆಗೆ ಸಂಬಂಧಿಸಿದ ಭಾಗಗಳಿಗೆ ತಲುಪುವ ಸಿರೊಟೋನಿನ್ನಿನಲ್ಲಿ ನಿರೀಕ್ಷಿಸಿದಷ್ಟು ಏರಿಕೆ ಆಗುವುದಿಲ್ಲ. ಎರಡು ಮೂರು ವಾರ ಕಳೆದಂತೆ ಈ ಗ್ರಾಹಿಗಳು ಮಂದವಾಗುತ್ತವೆ, ಕೋಶಗಳು ಹಳೆಯ ವೇಗದಲ್ಲಿ ಮಿಡಿಯತೊಡಗುತ್ತವೆ, ಮರುಹೀರಿಕೆ ಮಾತ್ರ ಮುಚ್ಚಿಯೇ ಇರುತ್ತದೆ. ಆಗ ನಿಜವಾದ ಏರಿಕೆ ಕಾಣುತ್ತದೆ.

ನಿಮ್ಮ ತಮ್ಮನ ವಾಕರಿಕೆಗೆ ಇಂಥ ಕಡಿವಾಣವಿಲ್ಲ. ದೇಹದ ಸಿರೊಟೋನಿನ್ನಿನ ಬಹುಪಾಲು ಇರುವುದೇ ಕರುಳಿನಲ್ಲಿ. ಅಲ್ಲಿನ ಬೇರೆ ಗ್ರಾಹಿಗಳು ಏರಿಕೆಗೆ ಆ ದಿನವೇ ಪ್ರತಿಕ್ರಿಯಿಸುತ್ತವೆ, ಒಂದೆರಡು ವಾರದಲ್ಲಿ ಒಗ್ಗಿಕೊಳ್ಳುತ್ತವೆ.

ಸಂಜೆಮಲ್ಲಿಗೆ

ಈ ಮಾತ್ರೆಗಳೆಲ್ಲ ತಡವಾಗಿ ಕೆಲಸ ಮಾಡುತ್ತವೆ ಎಂದು ನಾನು ಒಪ್ಪುವುದಿಲ್ಲ. ನಮ್ಮ ಅತ್ತೆಯವರು ಮನೋವೈದ್ಯರು ಬರೆದ ಆಲ್ಪ್ರಜೋಲಾಮ್ ನುಂಗಿದ ಅರ್ಧ ಗಂಟೆಗೆ ಶಾಂತವಾಗಿ ನಿದ್ದೆ ಹೋಗುತ್ತಾರೆ. ಬೇಗ ಕೆಲಸ ಮಾಡುವ ಮಾತ್ರೆ ಇರುವಾಗ ಮೂರು ವಾರ ಕಾಯಿಸುವುದು ಏಕೆ?

ಮನೋವೈದ್ಯ, ಮಲೆನಾಡು

ಆಲ್ಪ್ರಜೋಲಾಮ್ ಖಿನ್ನತೆಯ ಮಾತ್ರೆಯಲ್ಲ. ಆತಂಕವನ್ನು ಆ ಹೊತ್ತಿಗೆ ತಗ್ಗಿಸುವ, ದಿನಗಳೆದಂತೆ ದೇಹ ಅಂಟಿಕೊಳ್ಳುವ ಬೇರೆ ವರ್ಗದ್ದು. ಅತ್ತೆಯವರಿಗೆ ವಯಸ್ಸಾಗಿದ್ದರೆ ಬೀಳುವ ಭಯವೂ ಇದೆ, ಆದರೆ ಏಕಾಏಕಿ ನಿಲ್ಲಿಸಬೇಡಿ. ಅದನ್ನು ಎಷ್ಟು ದಿನಕ್ಕೆಂದು ಬರೆದಿದ್ದರು ಎಂಬುದನ್ನು ಅವರ ವೈದ್ಯರಲ್ಲಿ ಒಮ್ಮೆ ಕೇಳಿ.

ಕವಲುದಾರಿ

ಟ್ಯಾಂಕಿನ ಮಾತು ಅರ್ಥವಾಯಿತು. ಆದರೆ ಅದೇ ನಿಜವಾದ ಕಾರಣವಾದರೆ, ಆ ಗ್ರಾಹಿಗಳನ್ನೇ ಮೊದಲ ದಿನ ಮುಚ್ಚಿಬಿಡುವ ಇನ್ನೊಂದು ಔಷಧ ಕೊಟ್ಟರೆ ಗುಣ ಬೇಗ ಬರಬೇಕಲ್ಲವೇ? ಸಿರೊಟೋನಿನ್ನಿನ ಗೊಡವೆಗೆ ಹೋಗದ ಬುಪ್ರೊಪಿಯಾನಿನಂಥ ಮಾತ್ರೆಗಳಲ್ಲಿ ತಡವೇ ಇರಬಾರದಲ್ಲವೇ?

ಮನೋವೈದ್ಯ, ಮಲೆನಾಡು

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಪೂರ್ಣ ಉತ್ತರ ಯಾರ ಬಳಿಯೂ ಇಲ್ಲ. ಪಿಂಡೊಲಾಲ್ ಎಂಬ ಹಳೆಯ ರಕ್ತದೊತ್ತಡದ ಮಾತ್ರೆಗೆ 5-ಎಚ್‌ಟಿ1ಎ ಗ್ರಾಹಿಯನ್ನು ತಡೆಯುವ ಗುಣವೂ ಇದೆ. ಅದನ್ನು ಎಸ್‌ಎಸ್‌ಆರ್‌ಐ ಜೊತೆ ಕೊಟ್ಟು 1990ರ ದಶಕದಲ್ಲಿ ಹಲವರು ಪರೀಕ್ಷಿಸಿದರು. ಕೆಲವು ಪ್ರಯೋಗಗಳಲ್ಲಿ ಮೊದಲ ಎರಡು ವಾರ ಸ್ವಲ್ಪ ಬೇಗ ಗುಣ ಕಂಡಿತು, ಕೆಲವರಲ್ಲಿ ಏನೂ ಕಾಣಲಿಲ್ಲ, ಕೊನೆಯ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಆ ವಿವರಣೆ ತಡದ ಒಂದು ಭಾಗಕ್ಕೆ ಮಾತ್ರ ಸಲ್ಲುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ವೆನ್ಲಾಫಾಕ್ಸಿನ್, ಡುಲೊಕ್ಸೆಟಿನ್ ಎರಡು ಸಾಗಣೆ ಪ್ರೋಟೀನುಗಳನ್ನು ತಡೆಯುತ್ತವೆ, ಸಿರೊಟೋನಿನ್ನಿನದು ಒಂದು, ನಾರ್‌ಅಡ್ರಿನಲಿನ್ನಿನದು ಇನ್ನೊಂದು. ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್ ಇರುವ ಹಳೆಯ ಟ್ರೈಸೈಕ್ಲಿಕ್ ವರ್ಗವೂ ಅದನ್ನೇ ಮಾಡುತ್ತದೆ, ಜೊತೆಗೆ ಬೇಡದ ಹಲವು ಗ್ರಾಹಿಗಳನ್ನೂ ಮುಚ್ಚುತ್ತದೆ. ಬುಪ್ರೊಪಿಯಾನ್ ಹಿಡಿಯುವುದು ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಸಾಗಣೆಯನ್ನು. ಮಿರ್ಟಜಪೀನ್ ಮರುಹೀರಿಕೆಯ ತಂಟೆಗೇ ಹೋಗದೆ, ಬಿಡುಗಡೆಯನ್ನು ತಡೆಯುವ ಆಲ್ಫಾ-2 ಗ್ರಾಹಿಗಳನ್ನು ಮುಚ್ಚುತ್ತದೆ. ಎಂಎಒಐ ವರ್ಗ ಸಿರೊಟೋನಿನ್ನನ್ನು ಒಡೆಯುವ ಕಿಣ್ವವನ್ನೇ ಕೆಡಿಸುತ್ತದೆ. ಬಾಗಿಲುಗಳು ಇಷ್ಟು ಬೇರೆಯಾದರೂ ಎಲ್ಲವಕ್ಕೂ ವಾರಗಳೇ ಬೇಕು. ಮಿರ್ಟಜಪೀನ್ ನುಂಗಿದವರು ಮೊದಲ ರಾತ್ರಿಯೇ ಚೆನ್ನಾಗಿ ನಿದ್ರಿಸುತ್ತಾರೆ, ಊಟವೂ ರುಚಿಸತೊಡಗುತ್ತದೆ, ಆದರೆ ಅದು ಹಿಸ್ಟಮಿನ್ ಗ್ರಾಹಿ ಮುಚ್ಚಿದ್ದರ ಫಲ. ಮಂಕು ಕರಗಲು ಅವರೂ ಕಾಯಬೇಕು.

ಆದ್ದರಿಂದ ತಡ ಇರುವುದು ಮೊದಲ ಬಾಗಿಲಿನಲ್ಲಲ್ಲ, ಅದರಾಚೆಗೆ ಕೋಶದ ಒಳಗೆ ಎಂದು ನಮ್ಮಲ್ಲಿ ಹಲವರು ತಿಳಿಯುತ್ತೇವೆ. ಜೀನುಗಳ ಚಟುವಟಿಕೆ ಬದಲಾಗಿ, ಕೋಶಗಳ ನಡುವಿನ ಸಂಪರ್ಕ ಹೊಸದಾಗಿ ಬೆಳೆಯುವುದಕ್ಕೆ ಕಾಲ ಹಿಡಿಯುತ್ತದೆ. ಅರಿವಳಿಕೆಯ ಔಷಧವಾದ ಕೀಟಮಿನ್ ಗ್ಲುಟಮೇಟ್ ಎಂಬ ಬೇರೆ ಸಂದೇಶವಾಹಕದ ದಾರಿಯಿಂದ ಹೋಗಿ ಗಂಟೆಗಳಲ್ಲಿ ಪರಿಣಾಮ ತೋರುವುದು ಈ ಮಾತಿಗೆ ಬಲ ಕೊಟ್ಟಿದೆ. ಅದರ ಒಂದು ರೂಪವಾದ ಎಸ್ಕೀಟಮಿನ್ ಮೂಗಿನ ಸಿಂಪರಣೆಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಆದರೆ ಅದರ ಗುಣ ನಿಲ್ಲುವ ಅವಧಿ ಕಡಿಮೆ, ಆಸ್ಪತ್ರೆಯ ಕಣ್ಗಾವಲು ಬೇಕು.

ಇನ್ನೊಂದು ಮಾತು. "ಮೂರು ವಾರದವರೆಗೆ ಏನೂ ಆಗುವುದಿಲ್ಲ" ಎಂಬುದೂ ಸರಿಯಲ್ಲ. ದೊಡ್ಡ ಗುಂಪುಗಳ ಸರಾಸರಿ ನೋಡಿದರೆ ಹುಸಿಮಾತ್ರೆಗೂ ನಿಜಮಾತ್ರೆಗೂ ವ್ಯತ್ಯಾಸ ಮೊದಲೆರಡು ವಾರಗಳಲ್ಲೇ ಕಾಣತೊಡಗುತ್ತದೆ, ಅದು ರೋಗಿಗೆ ಗೊತ್ತಾಗುವಷ್ಟು ಬೆಳೆಯಲು ಮುಂದಿನ ವಾರಗಳು ಬೇಕು. ಮನೆಯವರು ಮೊದಲು ಗಮನಿಸುವುದು ಸಣ್ಣ ಸಂಗತಿಗಳನ್ನೇ: ಕರೆದಾಗ ತಿರುಗಿ ನೋಡುವುದು, ಪತ್ರಿಕೆ ಕೈಗೆತ್ತಿಕೊಳ್ಳುವುದು. ನಾಲ್ಕು ವಾರ ಸರಿಯಾದ ಪ್ರಮಾಣ ಕೊಟ್ಟೂ ಇಂಥ ಒಂದು ಸುಳಿವೂ ಇಲ್ಲದಿದ್ದರೆ ನಾನು ಸುಮ್ಮನೆ ಕಾಯುವುದಿಲ್ಲ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತೇನೆ. ತಮ್ಮನಿಗೆ 25 ತುಂಬಿರದಿದ್ದರೆ ಈ ಮೊದಲ ವಾರಗಳಲ್ಲಿ ಹೊಸದಾಗಿ ಚಡಪಡಿಕೆಯಾಗಲಿ, ಸಾವಿನ ಮಾತಾಗಲಿ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.

ಹೊಳೆದಂಡೆ

ನಮ್ಮ ತಾಯಿಗೆ ಆದದ್ದನ್ನು ಬರೆಯುತ್ತೇನೆ, ಪ್ರಶ್ನೆಯ ಎರಡನೇ ಭಾಗಕ್ಕೆ ಇದು ಸಂಬಂಧಿಸಿದೆ ಎಂದುಕೊಂಡಿದ್ದೇನೆ. ಅವರಿಗೆ ಅರವತ್ತು ದಾಟಿದೆ. ಪ್ಯಾರೊಕ್ಸೆಟಿನ್ ನುಂಗುತ್ತ ಎರಡು ವರ್ಷ ಆರಾಮವಾಗಿದ್ದರು. ಹಿತ್ತಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ವೈದ್ಯರು ಪಟ್ಟಿ ಹಾಕಿ ಟ್ರಮಾಡಾಲ್ 50 ಮಿ.ಗ್ರಾಂ ದಿನಕ್ಕೆ ಮೂರು ಬಾರಿ ಬರೆದರು. ಬೇರೆ ಮಾತ್ರೆ ಏನಿದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನೋವು ಏನೂ ಕಡಿಮೆಯಾಗಲಿಲ್ಲ. ಮೂರನೇ ದಿನ ಫೋನಿನಲ್ಲಿ ಕೇಳಿದಾಗ ಒಂದು ಸಲಕ್ಕೆ 100 ಕೊಡಿ ಎಂದರು.

ಹೆಚ್ಚಿಸಿದ ದಿನ ಸಂಜೆ ಅಮ್ಮನಿಗೆ ಭೇದಿಯಾಯಿತು, ಸೀರೆ ಒದ್ದೆಯಾಗುವಷ್ಟು ಬೆವರು. ಕೂತಲ್ಲಿ ಕೂರಲಾರರು, ಕಾಲು ತಾನಾಗಿ ನಡುಗುತ್ತಿತ್ತು. ಜ್ವರ ಎಂದುಕೊಂಡು ಪ್ಯಾರಾಸಿಟಮಾಲ್ ಕೊಟ್ಟೆವು, ಇಳಿಯಲಿಲ್ಲ. ರಾತ್ರಿ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ವೈದ್ಯರು ಪಾದವನ್ನು ಒಮ್ಮೆ ಮೇಲಕ್ಕೆ ಒತ್ತಿ ಹಿಡಿದರು, ಕೂಡಲೇ ಮಾತ್ರೆಗಳ ಹೆಸರು ಕೇಳಿದರು. ಎರಡನ್ನೂ ನಿಲ್ಲಿಸಿ, ಡ್ರಿಪ್ ಹಾಕಿ, ಲೊರಾಜೆಪಾಮ್ ಕೊಟ್ಟರು. ಮರುದಿನ ಸಂಜೆಗೆ ಅಮ್ಮ ಕಾಫಿ ಕೇಳಿದರು. ಟ್ರಮಾಡಾಲ್ ಅಷ್ಟು ಬಲವಾದ ನೋವಿನ ಮಾತ್ರೆಯಾಗಿದ್ದೂ ನೋವಿಗೆ ಕೆಲಸ ಮಾಡದೆ ಇದನ್ನು ಮಾತ್ರ ಮಾಡಿದ್ದು ಏಕೆ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಕರಾವಳಿ ಕ್ಯಾಶುವಾಲ್ಟಿ

ತುರ್ತು ವಿಭಾಗದಲ್ಲಿ ಕೆಲಸ ಮಾಡುವ ನನಗೆ ಪಾದ ಒತ್ತಿದ ಆ ವೈದ್ಯರ ಮೇಲೆ ಗೌರವ ಮೂಡಿತು. ಅವರು ನೋಡಿದ್ದು ಕ್ಲೋನಸ್ಸನ್ನು. ರೋಗಿಯ ಮೊಣಕಾಲನ್ನು ಸ್ವಲ್ಪ ಮಡಿಸಿ, ಪಾದದ ಮುಂಭಾಗವನ್ನು ಥಟ್ಟನೆ ಮೊಣಕಾಲಿನ ಕಡೆಗೆ ಒತ್ತಿ ಹಾಗೆಯೇ ಹಿಡಿದರೆ, ಆರೋಗ್ಯವಂತರ ಪಾದ ಅಲ್ಲಿಯೇ ನಿಲ್ಲುತ್ತದೆ ಅಥವಾ ಒಂದೆರಡು ಸಲ ಅದುರಿ ಸುಮ್ಮನಾಗುತ್ತದೆ. ಸಿರೊಟೋನಿನ್ ಅತಿಯಾಗಿ ಏರಿದಾಗ ಬರುವ ಸಿರೊಟೋನಿನ್ ಸಿಂಡ್ರೋಮ್ ಆದವರ ಪಾದ ನಮ್ಮ ಅಂಗೈಯನ್ನು ಒಂದೇ ಸಮ ತಾಳ ಹಾಕಿದಂತೆ ತಳ್ಳುತ್ತಲೇ ಇರುತ್ತದೆ. ಕೈಗಳಿಗಿಂತ ಕಾಲುಗಳಲ್ಲಿ ಇದು ಹೆಚ್ಚು. ಆಸ್ಟ್ರೇಲಿಯಾದ ಹಂಟರ್ ಪ್ರದೇಶದ ವಿಷಚಿಕಿತ್ಸಾ ತಜ್ಞರು 2003ರಲ್ಲಿ ಪ್ರಕಟಿಸಿದ ಮಾನದಂಡದ ಜೀವಾಳ ಇದೇ. ಸಿರೊಟೋನಿನ್ ಹೆಚ್ಚಿಸುವ ಔಷಧ ನುಂಗಿದವರಲ್ಲಿ ಕ್ಲೋನಸ್ ತಾನಾಗಿಯೇ ಕಂಡರೆ ಅಷ್ಟೇ ಸಾಕು. ಹೀಗೆ ಒತ್ತಿದಾಗ ಮಾತ್ರ ಕಂಡರೆ ಜೊತೆಗೆ ಬೆವರೋ ಚಡಪಡಿಕೆಯೋ ಇರಬೇಕು. ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಯಾವ ಮಾತ್ರೆ, ಯಾವಾಗ ಎಂಬ ವಿವರ ಮತ್ತು ನಮ್ಮ ಕೈ, ಇವೆರಡರಿಂದಲೇ ತೀರ್ಮಾನ.

ಸಮಯವೂ ಒಂದು ಸುಳಿವು. ಮಾತ್ರೆ ಸೇರಿಸಿದ ಅಥವಾ ಹೆಚ್ಚಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಆರು ಗಂಟೆಯೊಳಗೆ, ಬಹುಪಾಲು ಜನರಲ್ಲಿ 24 ಗಂಟೆಯೊಳಗೆ ಲಕ್ಷಣ ಶುರುವಾಗುತ್ತದೆ. ಮನೋರೋಗದ ಬೇರೆ ಕೆಲವು ಔಷಧಗಳಿಂದ ಬರುವ ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮಿನಲ್ಲಿಯೂ ಜ್ವರ, ಬಿಗಿತ ಇರುತ್ತದೆ, ಆದರೆ ಅದು ದಿನಗಟ್ಟಲೆ ನಿಧಾನವಾಗಿ ಏರುತ್ತದೆ. ಅಲ್ಲಿ ಮೈ ಸೀಸದ ಕೊಳವೆಯಂತೆ ಸೆಡೆತಿರುತ್ತದೆ, ಹೀಗೆ ಅದುರುವುದಿಲ್ಲ. ಅಮಿಟ್ರಿಪ್ಟಿಲಿನ್ ಹೆಚ್ಚು ನುಂಗಿದವರು ಬಂದಾಗಲೂ ಪಾಪೆ ಹಿಗ್ಗಿರುತ್ತದೆ, ಗೊಂದಲ ಇರುತ್ತದೆ, ಆದರೆ ಮೈ ಒಣಗಿರುತ್ತದೆ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟರೆ ಸದ್ದೇ ಇರುವುದಿಲ್ಲ. ಇಲ್ಲಿ ಬೆವರು, ಭೇದಿ, ಗುಡುಗುಡು ಹೊಟ್ಟೆ.

ಪ್ಯಾರಾಸಿಟಮಾಲ್ ಏಕೆ ಕೆಲಸ ಮಾಡಲಿಲ್ಲ ಎಂದರೆ, ಈ ಬಿಸಿ ಮೆದುಳಿನ ಜ್ವರದ ಕೇಂದ್ರದಿಂದ ಬಂದದ್ದಲ್ಲ, ಬಿಡುವಿಲ್ಲದೆ ಅದುರುವ ಸ್ನಾಯುಗಳಿಂದ ಬಂದದ್ದು. ಲೊರಾಜೆಪಾಮ್ ಕೊಟ್ಟದ್ದು ಸ್ನಾಯುಗಳನ್ನು ಸಡಿಲಿಸಲು. ತಾಪ 41 ಡಿಗ್ರಿ ದಾಟಿದರೆ ಸ್ನಾಯುಗಳನ್ನು ಪೂರ್ತಿ ನಿಷ್ಕ್ರಿಯಗೊಳಿಸಿ ವೆಂಟಿಲೇಟರಿಗೆ ಹಾಕಬೇಕಾಗುತ್ತದೆ.

ಮನೋವೈದ್ಯ, ಮಲೆನಾಡು

ಹೊಳೆದಂಡೆಯವರ ಪ್ರಶ್ನೆಗೆ ಉತ್ತರ ಯಕೃತ್ತಿನಲ್ಲಿದೆ. ಟ್ರಮಾಡಾಲಿಗೆ ಎರಡು ಮುಖ. ನುಂಗಿದ ರೂಪದಲ್ಲಿ ಅದು ಸಿರೊಟೋನಿನ್ ಮರುಹೀರಿಕೆಯನ್ನು ತಡೆಯುತ್ತದೆ. ಯಕೃತ್ತಿನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಬದಲಿಸಿದ ಮೇಲೆ ಸಿಗುವ ರೂಪ ಅಫೀಮಿನ ಜಾತಿಯ ಬಲವಾದ ನೋವುನಿವಾರಕ. ಪ್ಯಾರೊಕ್ಸೆಟಿನ್ ಆ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಆಗ ನೋವಿಗೆ ಬೇಕಾದ ರೂಪ ತಯಾರಾಗುವುದಿಲ್ಲ, ಸಿರೊಟೋನಿನ್ ಹೆಚ್ಚಿಸುವ ಮೂಲ ರೂಪ ದೇಹದಲ್ಲಿ ಉಳಿದು ಕೂಡುತ್ತ ಹೋಗುತ್ತದೆ. ನೋವು ಹೋಗಲಿಲ್ಲವೆಂದು ಪ್ರಮಾಣ ಏರಿಸಿದಾಗ ಏರಿದ್ದು ಬೇಡದ ಮುಖವೇ. ಫ್ಲೂಆಕ್ಸೆಟಿನ್ ಕೂಡ ಹೀಗೆಯೇ ಮಾಡುತ್ತದೆ. ಎಸಿಟಾಲೊಪ್ರಾಮ್ ಈ ಕಿಣ್ವವನ್ನು ಅಷ್ಟಾಗಿ ತಡೆಯುವುದಿಲ್ಲ, ಆದರೂ ಎರಡು ಕಡೆಯಿಂದ ಮರುಹೀರಿಕೆ ನಿಲ್ಲುವ ತೊಂದರೆ ಅಲ್ಲಿಯೂ ಇದೆ. ಬುಪ್ರೊಪಿಯಾನ್ ತಾನಾಗಿ ಸಿರೊಟೋನಿನ್ ಹೆಚ್ಚಿಸುವುದಿಲ್ಲ, ಆದರೆ ಇದೇ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಜೊತೆಗೆ ಅದಕ್ಕೂ ಟ್ರಮಾಡಾಲಿಗೂ ಫಿಟ್ಸ್ ತರುವ ಗುಣ ಇರುವುದರಿಂದ ಆ ಜೋಡಿಯನ್ನು ನಾನು ಬರೆಯುವುದೇ ಇಲ್ಲ.

ಕವಲುದಾರಿ ಮೇಡಂ ಅವರ ಮೂಲ ಪ್ರಶ್ನೆಯ ಉಳಿದರ್ಧವೂ ಇಲ್ಲಿಯೇ ಬರುತ್ತದೆ. ಒಂದು ಎಸ್‌ಎಸ್‌ಆರ್‌ಐ ತಾನೊಂದೇ ಇದ್ದಾಗ ರಾಫೆಯ ಕಡಿವಾಣ ಏರಿಕೆಗೆ ಮಿತಿ ಹಾಕುತ್ತದೆ. ಅದರ ಮೇಲೆ ಬೇರೆ ದಾರಿಯಿಂದ ಸಿರೊಟೋನಿನ್ ಸೇರಿದಾಗ, ಮುಖ್ಯವಾಗಿ ಒಡೆಯುವ ಕಿಣ್ವವೂ ನಿಂತಾಗ, ಆ ಮಿತಿ ಮುರಿಯುತ್ತದೆ. ಬೆನ್ನುಹುರಿ ಮತ್ತು ಮೆದುಳಿನ ಕಾಂಡದ ಗ್ರಾಹಿಗಳಿಗೆ ಪ್ರತಿಕ್ರಿಯಿಸಲು ಯಾವ ಹೊಂದಾಣಿಕೆಯೂ ಬೇಕಿಲ್ಲ, ಹೊಸ ಸಂಪರ್ಕ ಬೆಳೆಯಬೇಕಿಲ್ಲ; ಆ ಕ್ಷಣದ ಪ್ರಮಾಣ ಎಷ್ಟು ಎಂಬುದಷ್ಟೇ ಲೆಕ್ಕ. ಗುಣಕ್ಕೆ ಮೆದುಳು ಬದಲಾಗಬೇಕು, ವಿಷಕ್ಕೆ ಪ್ರಮಾಣ ಏರಿದರೆ ಸಾಕು.

ವರ್ಗಗಳ ನಡುವಿನ ವ್ಯತ್ಯಾಸವೂ ಇದರಿಂದಲೇ ಬರುತ್ತದೆ. ಎಸ್‌ಎಸ್‌ಆರ್‌ಐ ಒಂದನ್ನೇ ಅತಿಯಾಗಿ ನುಂಗಿದವರಲ್ಲೂ ಸುಮಾರು ಆರೇಳು ಮಂದಿಯಲ್ಲಿ ಒಬ್ಬರಿಗೆ ಈ ಲಕ್ಷಣ ಕಾಣುತ್ತದೆ, ಜೀವಕ್ಕೆ ಎರವಾಗುವುದು ಅಪರೂಪ. ಎಂಎಒಐ ಜೊತೆ ಮರುಹೀರಿಕೆ ತಡೆಯುವ ಇನ್ನೊಂದು ಸೇರಿದರೆ ಮಾಮೂಲಿ ಪ್ರಮಾಣಗಳೇ ಕೊಲ್ಲಬಲ್ಲವು. ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬಿ ಝಯಾನ್ ಎಂಬ 18 ವರ್ಷದ ಯುವತಿ ಎಂಎಒಐ ಆದ ಫೆನೆಲ್ಜಿನ್ ನುಂಗುತ್ತಿದ್ದಾಗ ಆಸ್ಪತ್ರೆಯಲ್ಲಿ ಸಿರೊಟೋನಿನ್ ಮರುಹೀರಿಕೆಯನ್ನೂ ತಡೆಯುವ ನೋವುನಿವಾರಕ ಪೆಥಿಡಿನ್ ಚುಚ್ಚಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಸಾವಿನ ನಿಖರ ಕಾರಣದ ಬಗ್ಗೆ ವಾದ ಉಳಿದಿದೆ, ಆದರೆ ಆ ಪ್ರಕರಣದ ನಂತರವೇ ಅಲ್ಲಿ ಕಿರಿಯ ವೈದ್ಯರ ಕೆಲಸದ ಅವಧಿಗೆ ಮಿತಿ ಬಂದಿತು.

ಪೇಟೆಬೀದಿ ಮೆಡಿಕಲ್ಸ್

ಎಂಎಒಐ ಚೀಟಿ ನನ್ನ ಅಂಗಡಿಗೆ ಬಂದ ನೆನಪೇ ಇಲ್ಲ. ಟ್ರಮಾಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬಂದಿದೆ, ಆದರೂ ಚೀಟಿಯಿದ್ದರೆ ಕೊಡಲೇಬೇಕು. ನನ್ನ ಕಷ್ಟ ಬೇರೆ. ಎಸಿಟಾಲೊಪ್ರಾಮ್ ಜೊತೆ ಟ್ರಮಾಡಾಲ್ ಹಾಕಿದರೂ ಕೆಂಪು, ಅಮಿಟ್ರಿಪ್ಟಿಲಿನ್ 10 ಹಾಕಿದರೂ ಕೆಂಪು, ಮೈಗ್ರೇನಿನ ಸುಮಾಟ್ರಿಪ್ಟಾನ್ ಹಾಕಿದರೂ ಅದೇ ಕೆಂಪು. ಎಲ್ಲವೂ ಕೆಂಪಾದರೆ ನಾನು ಯಾವುದಕ್ಕೆ ಫೋನ್ ಮಾಡಬೇಕು?

ಮನೋವೈದ್ಯ, ಮಲೆನಾಡು

ಟ್ರಮಾಡಾಲಿಗೆ ತಪ್ಪದೆ ಮಾಡಿ. ಡೆಕ್ಸ್‌ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ಪನ್ನು ಪ್ಯಾರೊಕ್ಸೆಟಿನ್, ಫ್ಲೂಆಕ್ಸೆಟಿನ್ ನುಂಗುವವರು ಚೀಟಿಯಿಲ್ಲದೆ ಕೇಳಿದಾಗಲೂ ಮಾಡಿ, ಏಕೆಂದರೆ ಅದನ್ನೂ ಅದೇ ಕಿಣ್ವ ಕರಗಿಸಬೇಕು. ಸುಮಾಟ್ರಿಪ್ಟಾನ್ ಬಗ್ಗೆ ಅಮೆರಿಕದ ಎಫ್‌ಡಿಎ 2006ರಲ್ಲಿ ಎಚ್ಚರಿಕೆ ಕೊಟ್ಟಿತು, ಆದರೆ ಆ ಔಷಧ ಹಿಡಿಯುವ ಗ್ರಾಹಿಗಳೇ ಬೇರೆ, ನಂತರದ ಅಧ್ಯಯನಗಳಲ್ಲಿ ಅಪಾಯ ತೀರ ಅಪರೂಪವೆಂದು ಕಂಡಿತು, ನಾನು ಬರೆಯುತ್ತೇನೆ. ಅಮಿಟ್ರಿಪ್ಟಿಲಿನ್ 10ಕ್ಕೂ ನಾನು ಸಿರೊಟೋನಿನ್ ಕಾರಣಕ್ಕೆ ಹೆದರುವುದಿಲ್ಲ. ಟ್ರೈಸೈಕ್ಲಿಕ್‌ಗಳಲ್ಲಿ ಕ್ಲೊಮಿಪ್ರಮಿನ್, ಇಮಿಪ್ರಮಿನ್ ಸಿರೊಟೋನಿನ್ ಮರುಹೀರಿಕೆಯನ್ನು ಗಟ್ಟಿಯಾಗಿ ತಡೆಯುತ್ತವೆ, ಅಮಿಟ್ರಿಪ್ಟಿಲಿನ್ ಅಷ್ಟಿಲ್ಲ. ನನ್ನ ಚಿಂತೆ ಬೇರೆ: ಫ್ಲೂಆಕ್ಸೆಟಿನ್ ಜೊತೆ ಅದರ ಮಟ್ಟ ಏರಿ ಬಾಯಿ ಒಣಗುವುದು, ಮಂಪರು, ಹೃದಯದ ಲಯ ಕೆಡುವುದು.

ಕರಾವಳಿ ಕ್ಯಾಶುವಾಲ್ಟಿ

ಅಮಿಟ್ರಿಪ್ಟಿಲಿನ್ ವಿಷಯದಲ್ಲಿ ನಾನು ಇಷ್ಟು ನಿರಾಳವಾಗಿ ಹೇಳಲಾರೆ. ಎಸ್‌ಎಸ್‌ಆರ್‌ಐ ಜೊತೆ ಅದಿದ್ದಾಗ ನಡುಕ, ಚುರುಕಾದ ಪ್ರತಿವರ್ತನ ಇರುವ ರೋಗಿಗಳನ್ನು ನೋಡಿದ್ದೇನೆ. ಹಂಟರ್ ಮಾನದಂಡಕ್ಕೆ ಅಷ್ಟೇ ಸಾಕು. ಅದು ಅಮಿಟ್ರಿಪ್ಟಿಲಿನ್ನಿನಿಂದಲೇ ಎಂದು ನಾನು ಸಾಧಿಸಲಾರೆ, ಅಲ್ಲವೆಂದು ನೀವೂ ಸಾಧಿಸಲಾರಿರಿ.

ಪೇಟೆಬೀದಿಯವರಿಗೆ ಇನ್ನೊಂದು ಸಂಗತಿ. ಮಕ್ಕಳಿಗೆ ಹಸಿವೆಯಾಗಲಿ ಎಂದು ನೀವು ಮಾರುವ ಸೈಪ್ರೊಹೆಪ್ಟಡಿನ್ ಸಿರಪ್ ಸಿರೊಟೋನಿನ್ ಗ್ರಾಹಿಗಳನ್ನು ಮುಚ್ಚುವ ಔಷಧ. ಈ ಸಿಂಡ್ರೋಮಿಗೆ ನಾವು ಮೊದಲಿಗೆ 12 ಮಿ.ಗ್ರಾಂ ಕೊಡುತ್ತೇವೆ. ಚುಚ್ಚುಮದ್ದಾಗಿ ಸಿಗುವುದಿಲ್ಲ, ಮಾತ್ರೆ ಅರೆದು ಮೂಗಿನ ನಳಿಕೆಯಿಂದ ಹಾಕಬೇಕಾಗಿ ಬಂದದ್ದುಂಟು. ಮನೆಯಲ್ಲಿ ಪ್ರಯೋಗಿಸುವ ವಿಷಯವಲ್ಲ, ನಡುಕ ಶುರುವಾದರೆ ಮಾತ್ರೆಗಳ ಪಟ್ಟಿಯೊಂದಿಗೆ ಆಸ್ಪತ್ರೆಗೇ ಬನ್ನಿ.

ಕ್ಷಯ ವಿಭಾಗದಿಂದ

ಎಂಎಒಐ ನಮ್ಮಲ್ಲಿಲ್ಲ ಎಂದು ಪೇಟೆಬೀದಿಯವರು ಹೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಔಷಧ ನಿರೋಧಕ ಕ್ಷಯದ ರೋಗಿಗಳ ಜೊತೆ ಕೆಲಸ ಮಾಡುತ್ತೇನೆ. ನಾವು ಕೊಡುವ ಲಿನೆಜೋಲಿಡ್ ಸೋಂಕಿನ ಔಷಧ, ಆದರೆ ಎಂಎಒಐಗಳಂತೆ ಸಿರೊಟೋನಿನ್ ಒಡೆಯುವ ಕಿಣ್ವವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ವಿಚಿತ್ರವೆಂದರೆ ಖಿನ್ನತೆಯ ಮೊದಲ ಔಷಧಗಳಲ್ಲಿ ಒಂದಾದ ಇಪ್ರೊನಿಯಾಜಿಡ್ ಕೂಡ ಕ್ಷಯದ ಮಾತ್ರೆಯೇ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ 1952ರಲ್ಲಿ ಅದನ್ನು ಕೊಟ್ಟಾಗ ರೋಗಿಗಳು ಅತಿಯಾಗಿ ಲವಲವಿಕೆಯಿಂದಿದ್ದುದನ್ನು ಕಂಡೇ ಆ ವರ್ಗ ಹುಟ್ಟಿತು.

ಲಿನೆಜೋಲಿಡ್ ತುರ್ತಾಗಿ ಬೇಕಾದರೆ ಎಸ್‌ಎಸ್‌ಆರ್‌ಐ ನಿಲ್ಲಿಸಿ, ಎರಡು ವಾರ, ಫ್ಲೂಆಕ್ಸೆಟಿನ್ ಆಗಿದ್ದರೆ ಐದು ವಾರ ಗಮನಿಸಿ ಎಂದು ಎಚ್ಚರಿಕೆ ಇದೆ. ನ್ಯುಮೋನಿಯಾಕ್ಕೆ ಹತ್ತು ದಿನ ಕೊಡುವವರಿಗೆ ಅದು ಸರಿ. ನಮ್ಮ ರೋಗಿಗಳು ಅದನ್ನು ಆರು ತಿಂಗಳು ದಿನವೂ 600 ಮಿ.ಗ್ರಾಂ ನುಂಗಬೇಕು. ಅವರಲ್ಲಿ ಖಿನ್ನತೆ ಸಾಮಾನ್ಯ, ಕೆಲವರಿಗೆ ಕೊಡುವ ಸೈಕ್ಲೊಸೆರಿನ್ ತಾನೇ ಮನಸ್ಸನ್ನು ಕೆಡಿಸುತ್ತದೆ. ಆರು ತಿಂಗಳು ಖಿನ್ನತೆಯ ಮಾತ್ರೆ ನಿಲ್ಲಿಸಿದರೆ ಅವರು ಎರಡೂ ಚಿಕಿತ್ಸೆ ಬಿಟ್ಟುಬಿಡುತ್ತಾರೆ.

ಕವಲುದಾರಿ

ಫ್ಲೂಆಕ್ಸೆಟಿನ್‌ಗೆ ಮಾತ್ರ ಐದು ವಾರ ಏಕೆ? ಅಂದರೆ ಅದನ್ನು ಬಿಟ್ಟು ಎರಡು ವಾರವಾದವರಿಗೂ ಟ್ರಮಾಡಾಲ್ ಅಪಾಯವೇ?

ಮನೋವೈದ್ಯ, ಮಲೆನಾಡು

ಹೌದು. ಫ್ಲೂಆಕ್ಸೆಟಿನ್ ದೇಹದಲ್ಲಿ ನಾರ್‌ಫ್ಲೂಆಕ್ಸೆಟಿನ್ ಆಗಿ ಬದಲಾಗುತ್ತದೆ, ಅದೂ ಅದೇ ಕೆಲಸ ಮಾಡುತ್ತದೆ, ಅದರ ಅರ್ಧಾಯು ಒಂದು ವಾರಕ್ಕೂ ಮಿಕ್ಕಿರಬಹುದು. "ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ" ಎಂದು ಕೇಳಿದರೆ ರೋಗಿ "ಯಾವುದೂ ಇಲ್ಲ" ಎನ್ನುತ್ತಾರೆ, ಸುಳ್ಳೂ ಅಲ್ಲ. ಕಳೆದ ಎರಡು ತಿಂಗಳಲ್ಲಿ ಏನು ನುಂಗಿದ್ದೀರಿ ಎಂದು ಕೇಳಬೇಕು. ನಿಮ್ಮ ತಮ್ಮನಿಗೆ ಹಲ್ಲುನೋವು ಬಂದರೆ ಪ್ಯಾರಾಸಿಟಮಾಲ್ ತೊಂದರೆಯಿಲ್ಲ. ಐಬುಪ್ರೊಫೆನ್ ಆದರೆ ಸಿರೊಟೋನಿನ್ ಸಿಂಡ್ರೋಮಿನ ಭಯವಿಲ್ಲ, ಆದರೆ ಎಸ್‌ಎಸ್‌ಆರ್‌ಐ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ಕೇಳಿಯೇ ಕೊಡಿ.

ಕ್ಷಯ ವಿಭಾಗದವರ ಮಾತು ನ್ಯಾಯವಾದದ್ದು. ಲಿನೆಜೋಲಿಡ್ ಜೊತೆ ಖಿನ್ನತೆಯ ಮಾತ್ರೆ ಮುಂದುವರಿಸಿದ ಹಿರಿಯ ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಸಿಂಡ್ರೋಮ್ ಶೇಕಡಾ ಒಂದಕ್ಕಿಂತ ಕಡಿಮೆ ಇತ್ತು. ಹಾಗಾಗಿ ನಾನು ನಿಲ್ಲಿಸುವುದಕ್ಕಿಂತ ಕಡಿಮೆ ಪ್ರಮಾಣದ ಎಸ್‌ಎಸ್‌ಆರ್‌ಐ ಒಂದನ್ನೇ ಇಟ್ಟು, ಮೂರನೆಯದು ಯಾವುದೂ ಸೇರದಂತೆ ನೋಡಿಕೊಳ್ಳುವ ಕಡೆಗೆ ಒಲಿಯುತ್ತೇನೆ. ಮಿರ್ಟಜಪೀನಿಗೆ ಬದಲಿಸುವ ಸಹೋದ್ಯೋಗಿಗಳೂ ಇದ್ದಾರೆ.

ಕ್ಷಯ ವಿಭಾಗದಿಂದ

ಆ ಅಧ್ಯಯನಗಳ ರೋಗಿಗಳು ಲಿನೆಜೋಲಿಡ್ ನುಂಗಿದ್ದು ದಿನಗಳ ಲೆಕ್ಕದಲ್ಲಿ. ನಮ್ಮವರು ತಿಂಗಳುಗಳ ಲೆಕ್ಕದಲ್ಲಿ ನುಂಗುತ್ತಾರೆ. ಅದೂ ಅಲ್ಲದೆ ಅವರು ಆಸ್ಪತ್ರೆಯಲ್ಲಿರುವುದಿಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರುತ್ತಾರೆ, ನಡುವೆ ಕೆಮ್ಮು ಹೆಚ್ಚಾದರೆ ಹತ್ತಿರದ ಅಂಗಡಿಯಿಂದ ಸಿರಪ್ ತರುತ್ತಾರೆ. ಬೆವರು, ಜ್ವರ, ನಡುಕ ಎಂದು ಫೋನ್ ಬಂದರೆ ಅದು ಕ್ಷಯವೋ, ಲಿನೆಜೋಲಿಡ್ ಜೋಡಿಯ ಫಲವೋ ಎಂದು ಫೋನಿನಲ್ಲಿ ಹೇಳಲಾಗದು. ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಪಾದ ಒತ್ತಿ ನೋಡುವುದನ್ನು ಕಲಿಸಬಹುದೇ, ಅವರ ಕೈಗೆ ಅದು ನಂಬುವಷ್ಟು ಸಿಗುತ್ತದೆಯೇ ಎಂದು ಕರಾವಳಿ ಕ್ಯಾಶುವಾಲ್ಟಿಯವರು ಹೇಳಬೇಕು.

ಕರಾವಳಿ ಕ್ಯಾಶುವಾಲ್ಟಿ

ಕಲಿಸಬಹುದು, ಆದರೆ ಲಿನೆಜೋಲಿಡ್ ತಿಂಗಳುಗಟ್ಟಲೆ ನುಂಗಿದವರ ಕಾಲಿನ ನರಗಳು ಅದರಿಂದಲೇ ಮಂಕಾಗಿರುತ್ತವೆ. ಅಂಥ ಕಾಲಿನಲ್ಲಿ ಕ್ಲೋನಸ್ ಸರಿಯಾಗಿ ಮೂಡದೆಯೂ ಇರಬಹುದು. ಪಾದ ಸುಮ್ಮನಿದೆ ಎಂದು ಅವರು ಫೋನಿನಲ್ಲಿ ಹೇಳಿದರೂ, ಬೆವರು ಮತ್ತು ಚಡಪಡಿಕೆ ಹೊಸ ಮಾತ್ರೆಯೋ ಸಿರಪ್ಪೋ ಸೇರಿದ ಒಂದು ದಿನದೊಳಗೆ ಬಂದಿದ್ದರೆ ನಾನು ರೋಗಿಯನ್ನು ಕರೆಸಿಕೊಳ್ಳುತ್ತೇನೆ.